184 ಇದ್ದದ್ದು 18 ಆಗಿದ್ದು ಹೇಗೆ? ಪೋಷಕರಿಗೆ ಬರೆದ ಒಂದು ಲೆಕ್ಕದ ಪತ್ರ: ಪ್ರಕರಣ ಅಧ್ಯಯನ

2025ರ ಮೇ ತಿಂಗಳಲ್ಲಿ ಎಸ್ಸೆಸ್ಸೆಲ್ಸಿ ಪರೀಕ್ಷೆ-1ರ ಫಲಿತಾಂಶ ಬಂತು. ನಾನು ಗಣಿತ ಕಲಿಸುವುದು ದಾವಣಗೆರೆಯ ಒಂದು ಪ್ರೌಢಶಾಲೆಯಲ್ಲಿ. ಫಲಿತಾಂಶ ಬಂದ ಮೇಲೆ ನಮ್ಮ ಒಬ್ಬ ವಿದ್ಯಾರ್ಥಿನಿಯ ತಂದೆ ಶಾಲೆಗೆ ಬಂದರು. ಮಂಡಕ್ಕಿ ಭಟ್ಟಿಯಲ್ಲಿ ಕೆಲಸ ಮಾಡುವವರು. ಲೆಕ್ಕದಲ್ಲಿ ಚುರುಕು. ವರ್ಷವಿಡೀ ನಡೆದ ಎಫ್‌ಎ ಮೌಲ್ಯಮಾಪನಗಳಿಗೆ ಕೊಟ್ಟ ಅಂಕದ ಚೀಟಿಗಳನ್ನೆಲ್ಲ ಒಂದು ಪ್ಲಾಸ್ಟಿಕ್ ಕವರಿನಲ್ಲಿ ಜೋಪಾನವಾಗಿ ಇಟ್ಟುಕೊಂಡು ತಂದಿದ್ದರು.

ಅವರ ಪ್ರಶ್ನೆ ನೇರವಾಗಿತ್ತು. "ಮೇಡಂ, ನಾಲ್ಕೂ ಎಫ್‌ಎ ಸೇರಿ ನಮ್ಮ ಹುಡುಗಿಗೆ 184 ಬಂದೈತಿ. ಎದುರುಮನೆ ಹುಡುಗನಿಗೆ 176. ಇಬ್ಬರಿಗೂ ಇಂಟರ್ನಲ್ 18 ಅಂತ ಹೆಂಗೆ ಹಾಕಿದ್ರಿ? ಕೊನೆಗೆ ನೋಡಿದ್ರೆ ಅವನಿಗೆ 85, ಇವಳಿಗೆ 81. ನಮ್ಮ ಹುಡುಗಿ ಮಾರ್ಕ್ಸ್ ಎಲ್ಲಿ ಹೋಯ್ತು?"

ಇದು ಒಬ್ಬರ ಪ್ರಶ್ನೆಯಲ್ಲ. ಫಲಿತಾಂಶ ಬಂದಾಗೆಲ್ಲ ಬೇರೆ ಬೇರೆ ಮಾತಿನಲ್ಲಿ ಇದನ್ನೇ ಕೇಳುತ್ತಾರೆ. ಬಾಯಲ್ಲಿ ಹೇಳಿ ಕಳಿಸಿದರೆ ಮನೆಗೆ ಹೋಗುವಷ್ಟರಲ್ಲಿ ಲೆಕ್ಕ ಮತ್ತೆ ಗೋಜಲಾಗುತ್ತದೆ. ಅದಕ್ಕೇ ಈ ಸಲ ಒಂದು ಪುಟದ ಪತ್ರ ಬರೆದೆ. ಅವರಿಗೆ ಮಾತ್ರ ಅಲ್ಲ, ತರಗತಿಯ ಎಲ್ಲ ಪೋಷಕರಿಗೂ ಕೊಟ್ಟೆವು. ಆ ಪತ್ರದಲ್ಲಿ ಏನಿತ್ತು, ಏನು ಬಿಟ್ಟೆ, ಯಾಕೆ ಬಿಟ್ಟೆ ಅನ್ನುವುದು ಇಲ್ಲಿದೆ.

ಅಂಕ ಎಲ್ಲಿಂದ ಬರುತ್ತದೆ

ಮೊದಲು ರಚನೆ ನೋಡೋಣ. ಹತ್ತನೇ ತರಗತಿಯ ಗಣಿತಕ್ಕೆ ಒಟ್ಟು 100 ಅಂಕ. ಅದರಲ್ಲಿ 80 ಮಂಡಳಿಯ ಲಿಖಿತ ಪರೀಕ್ಷೆಗೆ. ಉಳಿದ 20 ಶಾಲೆ ಕೊಡುವ ಆಂತರಿಕ ಅಂಕ. ಈ 20 ಬರುವುದು ವರ್ಷದಲ್ಲಿ ನಡೆಯುವ ನಾಲ್ಕು ರೂಪಣಾತ್ಮಕ ಮೌಲ್ಯಮಾಪನಗಳಿಂದ. ನಾವೆಲ್ಲ ಎಫ್‌ಎ ಅಂತ ಕರೆಯುವುದು ಇದನ್ನೇ. ಒಂದೊಂದು ಎಫ್‌ಎಗೂ 50 ಅಂಕ: 15 ಅಂಕದ ಎರಡು ಚಟುವಟಿಕೆ, 20 ಅಂಕದ ಒಂದು ಕಿರುಪರೀಕ್ಷೆ. ನಾಲ್ಕೂ ಸೇರಿದರೆ 200. ಆ 200ನ್ನು 20ಕ್ಕೆ ಇಳಿಸಬೇಕು. ಅಂದರೆ ಬಂದ ಮೊತ್ತವನ್ನು 10ರಿಂದ ಭಾಗಿಸಬೇಕು.

ಪ್ರಥಮ ಭಾಷೆಗೆ ಮಾತ್ರ ಲೆಕ್ಕ ಬೇರೆ. ಅಲ್ಲಿ ಒಟ್ಟು 125. ಲಿಖಿತಕ್ಕೆ 100, ಆಂತರಿಕಕ್ಕೆ 25. ಹಾಗಾಗಿ 200ನ್ನು 8ರಿಂದ ಭಾಗಿಸುತ್ತೇವೆ. ಇದನ್ನು ಹೇಳದೇ ಹೋದರೆ ಇನ್ನೊಂದು ಗೊಂದಲ ಹುಟ್ಟುತ್ತದೆ. ಒಂದು ಮಗುವಿಗೆ ಕನ್ನಡದಲ್ಲೂ ಗಣಿತದಲ್ಲೂ 184 ಬಂದಿದ್ದರೆ, ಕನ್ನಡದಲ್ಲಿ ಅದು 23 ಆಗುತ್ತದೆ, ಗಣಿತದಲ್ಲಿ 18. ಅಂಕಪಟ್ಟಿ ನೋಡಿದವರಿಗೆ ಗಣಿತದ ಮೇಡಂ ಕೈ ಬಿಗಿ ಅನ್ನಿಸುವುದು ಸಹಜ. ಆದರೆ 25ಕ್ಕೆ 23 ಅಂದರೂ ನೂರಕ್ಕೆ 92. ಗಣಿತದಲ್ಲಿ ಭಾಗಿಸಿದಾಗ ಬಂದ 18.4ಕ್ಕೂ ಅದೇ 92. ಅಳತೆ ಬೇರೆ ಅಷ್ಟೇ.

ಲೆಕ್ಕಕ್ಕೆ ಬರದೇ ಇರುವುದು ಯಾವುದು ಅಂತಲೂ ಹೇಳಲೇಬೇಕು. ಆ ತಂದೆಯ ಕವರಿನಲ್ಲಿ ಪೂರ್ವಸಿದ್ಧತಾ ಪರೀಕ್ಷೆಯ ಉತ್ತರ ಪತ್ರಿಕೆಯೂ ಇತ್ತು. 80ಕ್ಕೆ 72. "ಇದನ್ನ ಎಲ್ಲಿ ಸೇರಿಸೀರಿ?" ಅಂತ ಕೇಳಿದರು. ಎಲ್ಲೂ ಸೇರುವುದಿಲ್ಲ. ಹತ್ತನೇ ತರಗತಿಯಲ್ಲಿ ಮಧ್ಯವಾರ್ಷಿಕ ಪರೀಕ್ಷೆಯ ಅಂಕವೂ ಅಂತಿಮ ಮೊತ್ತಕ್ಕೆ ಬರುವುದಿಲ್ಲ, ಪೂರ್ವಸಿದ್ಧತಾ ಪರೀಕ್ಷೆಯ ಅಂಕವೂ ಬರುವುದಿಲ್ಲ. ಅವು ಅಭ್ಯಾಸಕ್ಕೆ. ಕೆಳಗಿನ ತರಗತಿಗಳಲ್ಲಿ ಸಂಕಲನಾತ್ಮಕ ಪರೀಕ್ಷೆಯ ಅಂಕ ಸೇರಿಸಿ ಅಭ್ಯಾಸವಾದ ಪೋಷಕರು ಇಲ್ಲೂ ಹಾಗೇ ಅಂದುಕೊಂಡಿರುತ್ತಾರೆ.

ತಂದೆ ಮಾಡಿದ ಲೆಕ್ಕ

ಈಗ ಈ ಪ್ರಕರಣದ ಅಂಕಗಳು. ಹುಡುಗಿಗೆ ನಾಲ್ಕು ಎಫ್‌ಎಗಳಲ್ಲಿ ಬಂದದ್ದು 46, 47, 45, 46. ಮೊತ್ತ 184. ಲಿಖಿತದಲ್ಲಿ 63. ಎದುರುಮನೆ ಹುಡುಗನ ಅಂಕಗಳನ್ನು ತಂದೆಯೇ ಆ ಮನೆಯವರನ್ನು ಕೇಳಿ ಬರೆದುಕೊಂಡಿದ್ದರು: 41, 43, 46, 46. ಮೊತ್ತ 176. ಲಿಖಿತದಲ್ಲಿ 67.

ತಂದೆ ಎರಡು ರೀತಿ ಲೆಕ್ಕ ಹಾಕಿದ್ದರು. ಮೊದಲನೆಯದು ನೇರ ಕೂಡಿಕೆ. 184ಕ್ಕೆ 63 ಸೇರಿಸಿ 247. ಹುಡುಗನದು 176ಕ್ಕೆ 67 ಸೇರಿಸಿ 243. ಆ ಲೆಕ್ಕದಲ್ಲಿ ಮಗಳು ನಾಲ್ಕು ಅಂಕ ಮುಂದೆ. ಅಂಕಪಟ್ಟಿಯಲ್ಲಿ ಅದೇ ಮಗಳು ನಾಲ್ಕು ಅಂಕ ಹಿಂದೆ. ಹೊಟ್ಟೆ ಉರಿಯದೇ ಇರುತ್ತದಾ?

ಇಲ್ಲಿ ಕೂಡಿಸುವುದರಲ್ಲಿ ತಪ್ಪಿಲ್ಲ. ಕೂಡಿಸಿದ ವಸ್ತುಗಳೇ ಬೇರೆ. ಸೇರಿನಲ್ಲಿ ಅಳೆದ ಮಂಡಕ್ಕಿಯನ್ನೂ ಕೆಜಿಯಲ್ಲಿ ತೂಗಿದ ಭತ್ತವನ್ನೂ ಕೂಡಿಸಿ ಇಷ್ಟು ಮಾಲು ಇದೆ ಅಂತ ಯಾರೂ ಹೇಳುವುದಿಲ್ಲ. ಎಫ್‌ಎ ಚೀಟಿಯ ಒಂದು ಅಂಕವೂ ಲಿಖಿತ ಪರೀಕ್ಷೆಯ ಒಂದು ಅಂಕವೂ ಒಂದೇ ಅಲ್ಲ. ಎಫ್‌ಎಯ ಹತ್ತು ಅಂಕ ಸೇರಿದರೆ ಅಂತಿಮ ಮೊತ್ತದಲ್ಲಿ ಒಂದು ಅಂಕ. ಲಿಖಿತದ ಒಂದು ಅಂಕ ಹಾಗೇ ಒಂದು ಅಂಕ. ಪತ್ರದಲ್ಲಿ ನಾನು ದಪ್ಪ ಅಕ್ಷರದಲ್ಲಿ ಹಾಕಿದ ಸಾಲು ಇದೊಂದೇ.

ಈ ಸಾಲು ಗೊತ್ತಾದರೆ ಉಳಿದದ್ದು ತಾನಾಗಿ ಬಿಡಿಸಿಕೊಳ್ಳುತ್ತದೆ. ಹುಡುಗಿ ಎಫ್‌ಎಗಳಲ್ಲಿ 8 ಅಂಕ ಮುಂದೆ ಇದ್ದಳು. ಅಂತಿಮ ಲೆಕ್ಕದಲ್ಲಿ ಅದು 0.8, ಅಂದರೆ ಒಂದು ಅಂಕಕ್ಕೂ ಕಡಿಮೆ. ಹುಡುಗ ಲಿಖಿತದಲ್ಲಿ 4 ಅಂಕ ಮುಂದೆ ಇದ್ದ. ಅದು ಪೂರ್ತಿ 4. ವರ್ಷವಿಡೀ ಮಾಡಿದ ಎಂಟು ಚಟುವಟಿಕೆ, ನಾಲ್ಕು ಕಿರುಪರೀಕ್ಷೆಗಳ ಮುನ್ನಡೆಯನ್ನು ಲಿಖಿತದ ಒಂದು ಪ್ರಶ್ನೆ ಅಳಿಸಿಹಾಕಬಹುದು. ಇದು ಕೇಳಲು ಕಷ್ಟ. ಆದರೆ 80 ಮತ್ತು 20 ಅಂತ ಹಂಚಿದ ಮೇಲೆ ಅದರ ಅರ್ಥ ಇದೇ. ಪೋಷಕರಿಗೆ ಇದನ್ನು ಜೂನ್‌ನಲ್ಲೇ ಹೇಳಬೇಕು, ಮೇ ತಿಂಗಳಲ್ಲಿ ಅಲ್ಲ.

ಹುಡುಗಿಯ ತಾಯಿಯದು ಇನ್ನೊಂದು ಲೆಕ್ಕವಿತ್ತು. ಎಫ್‌ಎಯಲ್ಲಿ ನೂರಕ್ಕೆ 92, ಪರೀಕ್ಷೆಯಲ್ಲಿ ನೂರಕ್ಕೆ ಸುಮಾರು 79. ಸರಾಸರಿ 85 ಆಗಬೇಕಲ್ವಾ, 81 ಯಾಕೆ ಅಂತ. ಇದೂ ಅದೇ ಗಂಟು. ಎರಡನ್ನು ಕೂಡಿಸಿ ಅರ್ಧ ಮಾಡಿದರೆ ಎರಡಕ್ಕೂ ಸಮ ತೂಕ ಕೊಟ್ಟ ಹಾಗೆ. ಇಲ್ಲಿ ಒಂದರ ತೂಕ ಇನ್ನೊಂದರ ನಾಲ್ಕು ಪಟ್ಟು. ಹಾಗಾಗಿ ಅಂತಿಮ ಅಂಕ ಯಾವಾಗಲೂ ಲಿಖಿತದ ಶೇಕಡಾದ ಹತ್ತಿರವೇ ನಿಲ್ಲುತ್ತದೆ. 79ರಿಂದ 92ರ ಕಡೆಗೆ ಐದರಲ್ಲಿ ಒಂದು ಭಾಗದಷ್ಟು ಮಾತ್ರ ಸರಿಯುತ್ತದೆ.

ಎರಡು ಅಂಕದ ಜಗಳ

ತಂದೆಯ ಎರಡನೇ ಲೆಕ್ಕ ಇದಕ್ಕಿಂತ ಗಟ್ಟಿಯಾಗಿತ್ತು. ನನಗೆ ಜಾಸ್ತಿ ಹೊತ್ತು ಹಿಡಿದದ್ದೂ ಅದೇ. ಒಂದೊಂದು ಎಫ್‌ಎಯನ್ನೂ 10ರಿಂದ ಭಾಗಿಸಿ, ಅರ್ಧ ಅಥವಾ ಅದಕ್ಕಿಂತ ಜಾಸ್ತಿ ಇದ್ದರೆ ಮುಂದಿನ ಅಂಕಕ್ಕೆ ಏರಿಸಿದ್ದರು. 4.6 ಅಂದರೆ 5. 4.7 ಅಂದರೆ 5. 4.5 ಅಂದರೂ 5. ಕೊನೆಯ 4.6ಕ್ಕೂ 5. ಒಟ್ಟು 20. "ಇಪ್ಪತ್ತಕ್ಕೆ ಇಪ್ಪತ್ತು ಬರಬೇಕಿತ್ತು. ಹದಿನೆಂಟು ಕೊಟ್ಟೀರಿ. ಎರಡು ಮಾರ್ಕ್ಸ್ ಸುಮ್ನೆ ಬಿಡಬೇಕೇನ್ರೀ?"

ಹುಡುಗನ ಲೆಕ್ಕವನ್ನೂ ಹೀಗೇ ಮಾಡಿದರೆ 4, 4, 5, 5 ಅಂತ ಬರುತ್ತದೆ. ಒಟ್ಟು 18. ಅಂದರೆ ಈ ದಾರಿಯಲ್ಲಿ ಹುಡುಗಿಗೆ ಎರಡು ಜಾಸ್ತಿ, ಹುಡುಗನಿಗೆ ಏನೂ ಬದಲಾಗುವುದಿಲ್ಲ. ತಂದೆಗೆ ಅನ್ಯಾಯ ಅನ್ನಿಸಿದ್ದು ಇದಕ್ಕೇ.

ನಮ್ಮ ಶಾಲೆಯಲ್ಲಿ ಮಾಡುವುದು ಹೀಗೆ: ನಾಲ್ಕೂ ಎಫ್‌ಎಗಳ ಅಂಕವನ್ನು ಹಾಗೇ ಕೂಡಿಸುತ್ತೇವೆ. 184. ಆಮೇಲೆ ಒಂದೇ ಸಲ 10ರಿಂದ ಭಾಗಿಸುತ್ತೇವೆ. 18.4. ಕೊನೆಯಲ್ಲಿ, ಒಂದೇ ಸಲ, ಹತ್ತಿರದ ಪೂರ್ಣ ಅಂಕಕ್ಕೆ ತರುತ್ತೇವೆ. 18. ಹುಡುಗನದು 17.6. ಅದೂ 18.

ಹಾಗಾದರೆ ಯಾವುದು ಸರಿ? ಪತ್ರದಲ್ಲಿ ಇದನ್ನು ತೋರಿಸಲು ಈ ಇಬ್ಬರು ಮಕ್ಕಳ ಅಂಕ ಬಳಸಲಿಲ್ಲ. ಒಂದು ಮಗುವಿನ ಅಂಕವನ್ನು ಇನ್ನೊಂದು ಮನೆಗೆ ಬರೆದು ಕಳಿಸುವುದು ಸರಿಯಲ್ಲ. ಲೆಕ್ಕಕ್ಕೆಂದೇ ಮಾಡಿದ ಎರಡು ಉದಾಹರಣೆ ಕೊಟ್ಟೆ. ಒಂದು ಮಗುವಿಗೆ ನಾಲ್ಕೂ ಎಫ್‌ಎಗಳಲ್ಲಿ 46. ಇನ್ನೊಂದಕ್ಕೆ ನಾಲ್ಕರಲ್ಲೂ 44. ಒಂದೊಂದರಲ್ಲಿ ಎರಡೇ ಅಂಕದ ವ್ಯತ್ಯಾಸ. ಪ್ರತಿ ಎಫ್‌ಎಯನ್ನೂ ಬೇರೆ ಬೇರೆ ಏರಿಸಿ ಇಳಿಸಿದರೆ ಮೊದಲ ಮಗುವಿಗೆ 5, 5, 5, 5 ಸೇರಿ 20. ಎರಡನೆಯದಕ್ಕೆ 4, 4, 4, 4 ಸೇರಿ 16. ನಿಜವಾದ ವ್ಯತ್ಯಾಸ 18.4 ಮತ್ತು 17.6ರ ನಡುವಿನ 0.8. ಅದು ನಾಲ್ಕು ಅಂಕವಾಗಿ ಊದಿಕೊಂಡಿತು. ಒಂದೇ ಸಲ ಕೊನೆಯಲ್ಲಿ ಪೂರ್ಣ ಅಂಕ ಮಾಡಿದರೆ ಇಬ್ಬರಿಗೂ 18. ಆ 0.8 ಇಲ್ಲಿ ಕಾಣದೇ ಹೋಗುತ್ತದೆ, ಅದು ನಿಜ. ಆದರೆ ಒಂದು ದಾರಿಯಲ್ಲಿ ಮುಕ್ಕಾಲು ಅಂಕದಷ್ಟು ತಪ್ಪುತ್ತದೆ, ಇನ್ನೊಂದರಲ್ಲಿ ಮೂರು ಅಂಕಕ್ಕಿಂತ ಜಾಸ್ತಿ.

ಮೂಲ ಕಾರಣ ಸರಳ. ಪ್ರತಿ ಸಲ ಪೂರ್ಣ ಅಂಕ ಮಾಡಿದಾಗ ಅರ್ಧ ಅಂಕದವರೆಗೆ ಆಚೀಚೆ ಆಗುತ್ತದೆ. ನಾಲ್ಕು ಸಲ ಮಾಡಿದರೆ ಎರಡು ಅಂಕದವರೆಗೆ ಆಗಬಹುದು. ಒಂದೇ ಸಲ ಮಾಡಿದರೆ ಅರ್ಧ ಅಂಕ ದಾಟುವುದಿಲ್ಲ. ಯಾವಾಗಲೂ ಒಂದೇ ಮಟ್ಟದಲ್ಲಿ ಓದುವ ಮಗುವಿಗೆ ಬೇರೆ ಬೇರೆ ಏರಿಸುವ ದಾರಿ ಹೆಚ್ಚು ಅಪಾಯ. ಪ್ರತಿ ಸಲ 44 ತೆಗೆಯುವ ಮಗು ಪ್ರತಿ ಸಲವೂ ಕಳೆದುಕೊಳ್ಳುತ್ತದೆ. ತಂದೆಗೆ ಇದನ್ನು ಹಾಳೆಯ ಮೇಲೆ ಬರೆದು ತೋರಿಸಿದಾಗ ಸ್ವಲ್ಪ ಹೊತ್ತು ಸುಮ್ಮನೆ ನೋಡಿದರು. ಆಮೇಲೆ ಕೇಳಿದ್ದು, "ನಮ್ಮ ಹುಡುಗಿಗೆ 44, 44 ಬಂದಿದ್ರೆ ನಾನು ನಿಮ್ಮ ಲೆಕ್ಕಾನೇ ಸರಿ ಅಂತಿದ್ದೆ, ಅಲ್ವಾ ಮೇಡಂ?" ಹೌದು. ಎಲ್ಲರಿಗೂ ಒಂದೇ ದಾರಿ ಇರಬೇಕು, ಅದೂ ಯಾರಿಗೆ ಎಷ್ಟು ಬಂತು ಅಂತ ನೋಡುವ ಮೊದಲೇ ತೀರ್ಮಾನವಾಗಿರಬೇಕು ಅನ್ನುವುದು ಅದಕ್ಕೇ.

ಅಂಚಿನ ಮಾತೂ ಒಂದಿದೆ. 174 ಬಂದರೆ 17.4, ಅದು 17. 175 ಬಂದರೆ 17.5, ಅದು 18. ಒಂದೇ ಒಂದು ಎಫ್‌ಎ ಅಂಕದಿಂದ ಪೂರ್ತಿ ಒಂದು ಅಂಕ ಹೋಗುತ್ತದೆ. "ಆ ಒಂದು ಅಂಕ ಕೊಡಬಹುದಿತ್ತು" ಅನ್ನುವ ಮಾತು ಇಲ್ಲಿ ಹುಟ್ಟುತ್ತದೆ. ಕೊಡಬಾರದು ಅನ್ನುವುದೇ ನನ್ನ ನಿಲುವು. ಚಟುವಟಿಕೆಗೆ ಅಂಕ ಹಾಕುವುದು ಚಟುವಟಿಕೆ ನಡೆದಾಗ. ಮೊತ್ತ ನೋಡಿದ ಮೇಲೆ ಹಿಂದೆ ಹೋಗಿ ತಿದ್ದಿದರೆ ಆ ಅಂಕಕ್ಕೆ ಅರ್ಥವೇ ಉಳಿಯುವುದಿಲ್ಲ. 174ನ್ನು ಏರಿಸಿದರೆ 164ರ ಮಗುವಿನ ತಾಯಿಗೆ ಏನು ಹೇಳುವುದು?

ಕಂಪ್ಯೂಟರಿನಲ್ಲಿ ಇದೇ ಲೆಕ್ಕ

ಈ ಭಾಗ ಪೋಷಕರಿಗೆ ಬರೆದದ್ದಲ್ಲ, ಜೊತೆಯ ಶಿಕ್ಷಕರಿಗೆ. ಅಂಕಗಳನ್ನು ಎಕ್ಸೆಲ್‌ನಲ್ಲಿ ಹಾಕುವಾಗ ತಪ್ಪು ದಾರಿ ಗೊತ್ತಾಗದ ಹಾಗೆ ಒಳಗೆ ಬಂದುಬಿಡಬಹುದು. ನಾಲ್ಕು ಎಫ್‌ಎಗಳು B ಇಂದ E ವರೆಗಿನ ಕಾಲಂಗಳಲ್ಲಿ ಇವೆ ಅಂದುಕೊಳ್ಳಿ. ಹೀಗೆ ಬರೆಯಬಾರದು:

```
=ROUND(B2/10,0)+ROUND(C2/10,0)+ROUND(D2/10,0)+ROUND(E2/10,0)
```

ಹೀಗೆ ಬರೆಯಬೇಕು:

```
=ROUND(SUM(B2:E2)/10,0)
```

ಪ್ರಥಮ ಭಾಷೆಗೆ 10ರ ಜಾಗದಲ್ಲಿ 8. ಎರಡೂ ಸೂತ್ರ ಯಾವ ದೋಷವನ್ನೂ ತೋರಿಸದೆ ಉತ್ತರ ಕೊಡುತ್ತವೆ. ಎರಡೂ 20ರ ಒಳಗೇ ಇರುತ್ತವೆ. ಹಾಗಾಗಿ ಕಣ್ಣಿಗೆ ಬೀಳುವುದಿಲ್ಲ. 10ರಿಂದ ಭಾಗಿಸುವ ಸೂತ್ರವನ್ನು ಪರೀಕ್ಷಿಸಲು ಒಂದು ಸಾಲಿನಲ್ಲಿ 44, 44, 44, 44 ಹಾಕಿ ನೋಡಿ. 18 ಬಂದರೆ ಸರಿ, 16 ಬಂದರೆ ಸೂತ್ರ ತಪ್ಪು.

ಪತ್ರ

ಕೊನೆಗೆ ಮನೆಗಳಿಗೆ ಹೋದ ಪತ್ರ ಇಷ್ಟು:

> ಪೋಷಕರೇ,
>
> ನಿಮ್ಮ ಮಗುವಿನ ಗಣಿತದ ಒಟ್ಟು ಅಂಕ ಎರಡು ಭಾಗ ಸೇರಿ ಆಗಿದೆ. ಮಂಡಳಿಯ ಲಿಖಿತ ಪರೀಕ್ಷೆಗೆ 80, ಶಾಲೆಯ ಆಂತರಿಕ ಮೌಲ್ಯಮಾಪನಕ್ಕೆ 20.
>
> ಆಂತರಿಕ ಅಂಕಕ್ಕೆ ನಾಲ್ಕು ಎಫ್‌ಎಗಳನ್ನು ಮಾತ್ರ ತೆಗೆದುಕೊಂಡಿದ್ದೇವೆ. ಮಧ್ಯವಾರ್ಷಿಕ ಮತ್ತು ಪೂರ್ವಸಿದ್ಧತಾ ಪರೀಕ್ಷೆಗಳ ಅಂಕ ಇದರಲ್ಲಿ ಇಲ್ಲ.
>
> ನಾಲ್ಕು ಎಫ್‌ಎಗಳ ಅಂಕ ಕೂಡಿಸಿ. 10ರಿಂದ ಭಾಗಿಸಿ. ಬಂದದ್ದರಲ್ಲಿ ಅರ್ಧ ಅಥವಾ ಅದಕ್ಕಿಂತ ಜಾಸ್ತಿ ಇದ್ದರೆ ಮುಂದಿನ ಅಂಕ, ಕಡಿಮೆ ಇದ್ದರೆ ಹಿಂದಿನ ಅಂಕ. ಇದನ್ನು ಕೊನೆಯಲ್ಲಿ ಒಂದೇ ಸಲ ಮಾಡಿ.
>
> ಎಫ್‌ಎಯ ಹತ್ತು ಅಂಕ ಸೇರಿದರೆ ಅಂತಿಮ ಮೊತ್ತದಲ್ಲಿ ಒಂದು ಅಂಕ. ಲಿಖಿತ ಪರೀಕ್ಷೆಯ ಒಂದು ಅಂಕ ಹಾಗೇ ಒಂದು ಅಂಕ.
>
> ಮನೆಯಲ್ಲೇ ಪರೀಕ್ಷಿಸಲು: ಅಂಕಪಟ್ಟಿಯ ಆಂತರಿಕ ಅಂಕವನ್ನು 10ರಿಂದ ಗುಣಿಸಿ. ಅದಕ್ಕೂ ನಿಮ್ಮ ಬಳಿ ಇರುವ ಎಫ್‌ಎ ಮೊತ್ತಕ್ಕೂ 5ಕ್ಕಿಂತ ಜಾಸ್ತಿ ವ್ಯತ್ಯಾಸ ಇದ್ದರೆ ಚೀಟಿಗಳೊಂದಿಗೆ ಶಾಲೆಗೆ ಬನ್ನಿ.

ಉದಾಹರಣೆಯ ಲೆಕ್ಕಗಳನ್ನು ಹಿಂಬದಿಯಲ್ಲಿ ಹಾಕಿದ್ದೆ.

ಕೊನೆಯ ಸಾಲಿನ ಪರೀಕ್ಷೆ ತುಂಬ ಉಪಯೋಗಕ್ಕೆ ಬರುತ್ತದೆ. ಈ ಹುಡುಗಿಯದೇ ನೋಡಿ. 18ನ್ನು 10ರಿಂದ ಗುಣಿಸಿದರೆ 180. ಮೊತ್ತ 184. ವ್ಯತ್ಯಾಸ 4. ಇದು ಬರೀ ಪೂರ್ಣ ಅಂಕ ಮಾಡಿದ್ದರಿಂದ ಆದದ್ದು. ಅದೇ ಒಂದು ಎಫ್‌ಎಯ 46ನ್ನು ಯಾರೋ 36 ಅಂತ ದಾಖಲಿಸಿದ್ದರೆ ಮೊತ್ತ 174 ಆಗಿ ಅಂಕಪಟ್ಟಿಯಲ್ಲಿ 17 ಬರುತ್ತಿತ್ತು. ಆಗ 170ಕ್ಕೂ 184ಕ್ಕೂ ವ್ಯತ್ಯಾಸ 14. ಅದು ಬರವಣಿಗೆಯ ತಪ್ಪು, ಖಂಡಿತ ಕೇಳಬೇಕು. ಅನುಮಾನಕ್ಕೂ ತಪ್ಪಿಗೂ ನಡುವೆ ಗೆರೆ ಎಳೆಯುವುದು ಪೋಷಕರ ಕೈಯಲ್ಲೇ ಇದ್ದರೆ ಒಳ್ಳೆಯದು. ಪ್ರಥಮ ಭಾಷೆಗೆ 8ರಿಂದ ಗುಣಿಸಿ, 4ರವರೆಗಿನ ವ್ಯತ್ಯಾಸ ಬಿಡಬಹುದು.

ಪಾಸಾಗುವ ಮಿತಿಯನ್ನು ಬೇಕೆಂದೇ ಪತ್ರದಿಂದ ಹೊರಗಿಟ್ಟೆ. 2024-25ರ ಸಾಲಿನಲ್ಲಿ ಲಿಖಿತದಲ್ಲೇ 80ಕ್ಕೆ 28 ಬರಬೇಕಿತ್ತು. ಲಿಖಿತದಲ್ಲಿ 26 ಬಂದು ಆಂತರಿಕದಲ್ಲಿ 18 ಇದ್ದರೆ ಒಟ್ಟು 44 ಆಗುತ್ತಿತ್ತು, ಆದರೂ ಪಾಸಾಗುತ್ತಿರಲಿಲ್ಲ. ಮೊತ್ತದ ಲೆಕ್ಕವೇ ಬೇರೆ, ಪಾಸಿನ ನಿಯಮವೇ ಬೇರೆ. ಎರಡನ್ನೂ ಒಂದೇ ಹಾಳೆಯಲ್ಲಿ ಬರೆದರೆ ಓದುವವರಿಗೆ ಎರಡೂ ಅರ್ಥವಾಗುವುದಿಲ್ಲ. ಪಾಸಿನ ನಿಯಮ ಬದಲಾಗುತ್ತಲೂ ಇರುತ್ತದೆ. ಆ ಅಂಚಿನಲ್ಲಿದ್ದ ಮಕ್ಕಳ ಮನೆಯವರನ್ನು ಬೇರೆಯಾಗಿ ಕರೆದು ಮಾತಾಡಿದೆವು.

ಪತ್ರದಿಂದ ಆಗದೇ ಇದ್ದದ್ದು

ಈ ಪತ್ರ ಕೂಡಿಕೆ ಸರಿ ಇದೆಯಾ ಅಂತ ತೋರಿಸುತ್ತದೆ. 15 ಅಂಕದ ಚಟುವಟಿಕೆಗೆ 13 ಕೊಟ್ಟದ್ದು ಸರಿಯಾ ಅಂತ ತೋರಿಸುವುದಿಲ್ಲ. ಅದಕ್ಕೆ ಮಗುವಿನ ಚಟುವಟಿಕೆಯ ದಾಖಲೆಯನ್ನೇ ತೆಗೆದು ನೋಡಬೇಕು. ತಂದೆಗೆ ಅದನ್ನೂ ತೋರಿಸಿದೆ. ಮೂರನೇ ಎಫ್‌ಎಯ 45 ಹೇಗೆ ಬಂತು ಅಂತ ಅವರು ಕೇಳಿದರು. ಒಂದು ಚಟುವಟಿಕೆಯಲ್ಲಿ 14, ಇನ್ನೊಂದರಲ್ಲಿ 13, ಕಿರುಪರೀಕ್ಷೆಯಲ್ಲಿ 18. ಹದಿಮೂರು ಬಂದದ್ದು ತ್ರಿಕೋನದ ರಚನೆಗೆ. ಕೈವಾರದ ಗುರುತು ಅಳಿಸಿಹಾಕಿದ್ದಳು, ರಚನೆಯ ಹಂತ ಕಾಣುತ್ತಿರಲಿಲ್ಲ. ಹಾಳೆ ನೋಡಿದ ತಂದೆ ಅದರ ಬಗ್ಗೆ ಮತ್ತೆ ಮಾತಾಡಲಿಲ್ಲ.

ಇನ್ನೊಂದು ಮಿತಿ ಸಮಯದ್ದು. ಆಂತರಿಕ ಅಂಕವನ್ನು ಶಾಲೆ ಆನ್‌ಲೈನ್‌ನಲ್ಲಿ ಮಂಡಳಿಗೆ ಕಳಿಸುವುದು ಪರೀಕ್ಷೆಗೆ ಮೊದಲೇ. ಫಲಿತಾಂಶ ಬಂದ ಮೇಲೆ ಉತ್ತರ ಪತ್ರಿಕೆಯ ಛಾಯಾಪ್ರತಿ, ಮರು ಎಣಿಕೆ, ಮರು ಮೌಲ್ಯಮಾಪನ ಅಂತ ಅರ್ಜಿ ಹಾಕುವ ಅವಕಾಶ ಇದೆ. ಅದೆಲ್ಲ ಲಿಖಿತ ಭಾಗಕ್ಕೆ. ಆಂತರಿಕ ಅಂಕದ ತಕರಾರು ಆ ಅರ್ಜಿಯಲ್ಲಿ ಬರುವುದಿಲ್ಲ. ಹಾಗಾಗಿ ಮೇ ತಿಂಗಳಲ್ಲಿ ಕೊಟ್ಟ ಪತ್ರ ಎಷ್ಟೇ ಚೆನ್ನಾಗಿದ್ದರೂ ತಡವಾದ ಪತ್ರ. ಬರೀ ತಿಳಿದುಕೊಳ್ಳಲು ಆದೀತು, ತಿದ್ದಲು ಆಗದು.

ತಂದೆಗೆ ನಾನು ಹೇಳಿದ್ದೂ ಇದನ್ನೇ. ಆಂತರಿಕ ಅಂಕದ 18 ಸರಿ ಇದೆ, ಅದರ ಹಿಂದೆ ಹೋಗಬೇಡಿ. ಪೂರ್ವಸಿದ್ಧತಾ ಪರೀಕ್ಷೆಯಲ್ಲಿ 72 ತೆಗೆದವಳಿಗೆ ಮಂಡಳಿಯ ಪರೀಕ್ಷೆಯಲ್ಲಿ 63 ಬಂದಿದೆ. ಕೇಳಬೇಕಾದ ಪ್ರಶ್ನೆ ಅಲ್ಲಿದೆ. ಮೊದಲು ಛಾಯಾಪ್ರತಿ ತರಿಸಿ, ಒಂದೊಂದು ಉತ್ತರ ನೋಡಿ, ಆಮೇಲೆ ಮರು ಮೌಲ್ಯಮಾಪನಕ್ಕೆ ಹಾಕುವುದೋ ಬೇಡವೋ ಯೋಚಿಸೋಣ ಅಂದೆ. ಅರ್ಜಿಯ ಕೊನೆಯ ದಿನ ಹತ್ತಿರ ಇತ್ತು. ಅವತ್ತೇ ಸಂಜೆ ಅರ್ಜಿ ಹಾಕಿದರು.

ಮುಂದಿನ ತಂಡದಿಂದ ಶಾಲೆಯಲ್ಲಿ ಒಂದು ಬದಲಾವಣೆ ಮಾಡಿಕೊಂಡಿದ್ದೇವೆ. ನಾಲ್ಕನೇ ಎಫ್‌ಎ ಮುಗಿದ ಕೂಡಲೇ, ಅಂಕ ಆನ್‌ಲೈನ್‌ಗೆ ಹೋಗುವ ಮೊದಲು, ಪ್ರತಿ ವಿಷಯಕ್ಕೂ ಆರು ಅಂಕಣದ ಒಂದು ಸಾಲು ಮನೆಗೆ ಹೋಗುತ್ತದೆ: ನಾಲ್ಕು ಎಫ್‌ಎ, 200ಕ್ಕೆ ಬಂದ ಮೊತ್ತ, ಇಳಿಸಿದ ಅಂಕ. ಪೋಷಕರು ನೋಡಿ ಸಹಿ ಹಾಕಿ ವಾರದೊಳಗೆ ವಾಪಸ್ ಕಳಿಸಬೇಕು. ಸಹಿ ಬಾರದ ಮನೆಗೆ ತರಗತಿ ಶಿಕ್ಷಕರು ಫೋನ್ ಮಾಡಿ ಅಂಕ ಓದಿ ಹೇಳುತ್ತಾರೆ. ತಪ್ಪು ಇದ್ದರೆ ಆಗ ತಿದ್ದಬಹುದು, ಮಂಡಳಿಗೆ ಹೋಗುವುದು ತಿದ್ದಿದ ಅಂಕವೇ.